ಬೀಳೋ ಮುನ್ನ ಬೇರೆ!

ಮಕ್ಕಳೇ, ಅಜ್ಜ-ಅಜ್ಜಿಯರೇ, ಈ ವಾರದಿಂದ ಆರು ವಾರ ನಮ್ಮ ಅಂಕಣ ಅಡುಗೆಮನೆಯ ಮೂಲೆಯಲ್ಲಿ, ಕಸದ ಬುಟ್ಟಿಯ ಪಕ್ಕದಲ್ಲಿ ಕೂರಲಿದೆ. ಈಗಲೇ ಮೂಗು ಮುಚ್ಚಿಕೊಳ್ಳಬೇಡಿ. ಕಸದ ಬುಟ್ಟಿ ಯಾಕೆ ನಾರುತ್ತದೆ, ನಾರದ ಹಾಗೆ ಹೇಗೆ ಮಾಡುವುದು ಎಂಬುದೂ ಈ ವಾರವೇ ಬರುತ್ತದೆ.

ಪ್ರತಿ ವಾರ ಮೂರು ಸಂಗತಿ ಇರುತ್ತವೆ: ಒಂದು ಮಾತು, ಒಂದು ಚಿತ್ರ, ಒಂದು ಪಂದ್ಯ. ಮಾತು ಮತ್ತು ಚಿತ್ರ ಆರೂ ವಾರ ಒಂದೇ. ಪಂದ್ಯ ಮಾತ್ರ ವಾರ ವಾರ ಬದಲಾಗುತ್ತದೆ. ಪಂದ್ಯಕ್ಕೆ ಇಬ್ಬರ ತಂಡ ಬೇಕು. ಒಬ್ಬರು ಶಾಲೆಗೆ ಹೋಗುವವರು, ಇನ್ನೊಬ್ಬರು ಮನೆಯಲ್ಲಿ ಹಿರಿಯರು. ಅಪ್ಪ-ಅಮ್ಮಂದಿರು ಬೇಕಾದರೆ ಪ್ರೇಕ್ಷಕರಾಗಿ ಕೂರಲಿ.

ಮೊದಲು ಮಾತು. ಅದು ಮೂರೇ ಪದದ್ದು: ‘ಬೀಳೋ ಮುನ್ನ ಬೇರೆ!’ ಕೈಯಲ್ಲಿರುವ ಕಸ ಬುಟ್ಟಿಗೆ ಬೀಳುವ ಮೊದಲೇ ಬೇರೆಯಾಗಬೇಕು ಎಂದು ಅರ್ಥ. ಆಮೇಲೆ ಮಾಡೋಣ, ಸಂಜೆ ಮಾಡೋಣ, ಕಸದ ಗಾಡಿಯವರು ಮಾಡಿಕೊಳ್ಳಲಿ ಎಂದರೆ ಯಾಕೆ ಆಗುವುದಿಲ್ಲ ಗೊತ್ತೇ? ಅಕ್ಕಿಯೂ ರಾಗಿಯೂ ಬೆರೆತರೆ ಅಜ್ಜಿ ಜರಡಿ ಹಿಡಿದು ಐದು ನಿಮಿಷದಲ್ಲಿ ಬೇರೆ ಮಾಡಿಯಾರು. ಉಳಿದ ಸಾರೂ ನಿನ್ನೆಯ ಪೇಪರೂ ಬೆರೆತರೆ ಯಾವ ಜರಡಿ ಹಿಡಿಯುತ್ತೀರಿ? ಪೇಪರು ಸಾರನ್ನು ಹೀರಿಕೊಂಡು ಮುದ್ದೆಯಾಗುತ್ತದೆ. ಅದನ್ನು ರದ್ದಿ ಅಂಗಡಿಯವರು ಕೊಳ್ಳುವುದಿಲ್ಲ. ಸಾರಿನ ತರಕಾರಿಯ ಜತೆ ಪೇಪರಿನ ಚೂರು, ಪ್ಲಾಸ್ಟಿಕ್ಕು, ಬೀಗರ ಮದುವೆಯ ಕರೆಯೋಲೆಯ ಮಿನುಗು ಎಲ್ಲಾ ಸೇರಿರುವುದರಿಂದ ಅದು ಒಳ್ಳೆಯ ಗೊಬ್ಬರವೂ ಆಗುವುದಿಲ್ಲ. ಬೇರೆ ಬೇರೆ ಇದ್ದಾಗ ಎರಡಕ್ಕೂ ಬೆಲೆ ಇತ್ತು. ಬೆರೆತ ಮೇಲೆ ಎರಡಕ್ಕೂ ಇಲ್ಲ. ಕಸವನ್ನು ಬೇರೆ ಮಾಡುವುದು ಸುಲಭವಾಗಿರುವುದು ಅದು ನಿಮ್ಮ ಬೆರಳುಗಳ ನಡುವೆ ಇರುವ ಆ ಒಂದು ಕ್ಷಣದಲ್ಲಿ ಮಾತ್ರ.

ಈ ವಿಷಯದಲ್ಲಿ ಅಜ್ಜ-ಅಜ್ಜಿಯರಿಗೆ ನಾವು ಪಾಠ ಹೇಳಬೇಕಾಗಿಲ್ಲ. ಮಕ್ಕಳೇ, ಅವರನ್ನೇ ಕೇಳಿ ನೋಡಿ. ಅವರು ಚಿಕ್ಕವರಿದ್ದಾಗ ತರಕಾರಿ ಸಿಪ್ಪೆ, ಅಕ್ಕಿ ತೊಳೆದ ನೀರು, ತಟ್ಟೆಯಲ್ಲಿ ಉಳಿದದ್ದು ಎಲ್ಲಾ ಮುಸುರೆ ಬಾನಿಗೆ ಹೋಗುತ್ತಿತ್ತು. ಅದು ಎಮ್ಮೆ, ಹಸುವಿನ ಪಾಲು. ಸಗಣಿ, ತರಗೆಲೆ, ಒಲೆಯ ಬೂದಿ ತಿಪ್ಪೆಗೆ. ಹಳೇ ಪೇಪರು, ಕಬ್ಬಿಣ, ಬಾಟಲಿ ಬೀದಿಯಲ್ಲಿ ಕೂಗುತ್ತಾ ಬರುವವರಿಗೆ. ಅಂದರೆ ಬೇರೆ ಮಾಡುವುದು ಆಗಲೂ ಇತ್ತು, ಅದಕ್ಕೆ ಹೆಸರು ಮಾತ್ರ ಇರಲಿಲ್ಲ. ಆಮೇಲೆ ಎರಡು ಬದಲಾವಣೆಯಾಯಿತು. ಪಟ್ಟಣದ ಮನೆಗಳಲ್ಲಿ ಹಸುವೂ ಹೋಯಿತು, ತಿಪ್ಪೆಯೂ ಹೋಯಿತು. ಅದೇ ಹೊತ್ತಿಗೆ ಕೊಳೆಯದ ವಸ್ತು ರಾಶಿ ರಾಶಿಯಾಗಿ ಮನೆಯೊಳಗೆ ಬಂತು. ಎಲ್ಲವನ್ನೂ ಒಂದೇ ಕವರಿಗೆ ತುಂಬಿ, ಗಂಟು ಹಾಕಿ, ಬೀದಿ ಮೂಲೆಗೆ ಇಡುವ ಅಭ್ಯಾಸ ಶುರುವಾದದ್ದು ಹಾಗೆ.

ಆ ಗಂಟು ಎಲ್ಲಿಗೆ ಹೋಗುತ್ತಿತ್ತು? ಬೆಂಗಳೂರಿನದನ್ನೇ ನೋಡೋಣ. ನಗರದ ಹೊರಗಿನ ಮಾವಳ್ಳಿಪುರ, ಮಂಡೂರು ಎಂಬ ಹಳ್ಳಿಗಳ ಪಕ್ಕಕ್ಕೆ ಲಾರಿಗಟ್ಟಲೆ ಹೋಗಿ ಬೀಳುತ್ತಿತ್ತು. ಹಸಿ ಕಸ ರಾಶಿಯ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಅನಿಲ ಹುಟ್ಟುತ್ತದೆ. ಅದಕ್ಕೆ ಬೆಂಕಿ ಹತ್ತಿಕೊಳ್ಳುವ ಗುಣ. ಜತೆಗೆ ಕಪ್ಪು ರಸವೊಂದು ಒಸರಿ ನೆಲಕ್ಕೆ ಇಳಿಯುತ್ತದೆ. ಆ ನೆಲದಲ್ಲೇ ಹಳ್ಳಿಯವರ ಬಾವಿ, ಕೊಳವೆಬಾವಿ ಇರುವುದು. ಹಳ್ಳಿಯವರು ಎದ್ದು ನಿಂತು ಲಾರಿ ತಡೆದರು. ಮಾವಳ್ಳಿಪುರಕ್ಕೆ ಕಸ ಹೋಗುವುದು 2012ರಲ್ಲಿ ನಿಂತಿತು, ಮಂಡೂರಿಗೆ ಹೋಗುವುದು 2014ರ ಕೊನೆಯಲ್ಲಿ ನಿಂತಿತು. 2015ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟು ಬೆಂಗಳೂರಿನ ಮನೆಗಳಿಗೆ ‘ಎರಡು ಬುಟ್ಟಿ, ಒಂದು ಚೀಲ’ ಎಂಬ ಪದ್ಧತಿಯನ್ನು ಕಡ್ಡಾಯ ಮಾಡಿತು. ಹಸಿರು ಬುಟ್ಟಿ ಹಸಿ ಕಸಕ್ಕೆ, ಕೆಂಪು ಬುಟ್ಟಿ ಮುಟ್ಟಬಾರದ ಕಸಕ್ಕೆ, ಚೀಲ ಒಣ ಕಸಕ್ಕೆ. ನಮ್ಮ ಸರಣಿಯ ಚಿತ್ರ ಇದರ ಮೇಲೇ ನಿಂತಿದೆ.

ಚಿತ್ರ ಅಂದರೆ ಗುರುತು. ಮನೆಯಲ್ಲಿ ಓದಲು ಬಾರದ ಮುತ್ತಜ್ಜಿ ಇರಬಹುದು, ಇನ್ನೂ ಅಕ್ಷರ ಕಲಿಯದ ತಮ್ಮ ಇರಬಹುದು, ಕನ್ನಡ ಬಾರದ ಕೆಲಸದವರು ಬರಬಹುದು. ಎಲ್ಲರಿಗೂ ಒಂದೇ ನೋಟಕ್ಕೆ ತಿಳಿಯಬೇಕು. ಅದಕ್ಕೆ ಹಸಿರು ಬುಟ್ಟಿಯ ಮೇಲೆ ಒಂದು ಎಲೆ ಬರೆಯಿರಿ. ಕೆಂಪು ಬುಟ್ಟಿಯ ಮೇಲೆ ಒಂದು ದಪ್ಪ ಕೆಂಪು ಚುಕ್ಕೆ, ಅಜ್ಜಿಯ ಹಣೆಯ ಕುಂಕುಮಕ್ಕಿಂತ ನಾಲ್ಕು ಪಟ್ಟು ದೊಡ್ಡದು. ಚೀಲದ ಮೇಲೆ ಒಬ್ಬ ಸೂರ್ಯ. ಹಳೇ ಅಕ್ಕಿ ಚೀಲ ಇದ್ದರೆ ಸಾಕು, ಮೊಳೆಗೆ ತೂಗು ಹಾಕಿ. ಹೊಸ ಬುಟ್ಟಿ ಕೊಳ್ಳಲು ಅಮ್ಮನನ್ನು ಪೀಡಿಸಬೇಡಿ. ಬಣ್ಣ ಯಾವುದಿದ್ದರೂ ಗುರುತು ಸರಿಯಿದ್ದರೆ ಮನೆಯೊಳಗೆ ಕೆಲಸ ನಡೆಯುತ್ತದೆ. ಬೇರೆ ಊರಿನ ಮಕ್ಕಳು ಒಂದು ಗಮನಿಸಿ: ಎಷ್ಟೋ ಊರುಗಳಲ್ಲಿ ಒಣ ಕಸಕ್ಕೆ ನೀಲಿ ಬುಟ್ಟಿ. ನಿಮ್ಮಲ್ಲಿ ಹಾಗಿದ್ದರೆ ಸೂರ್ಯನನ್ನು ನೀಲಿ ಬುಟ್ಟಿಯ ಮೇಲೆ ಬರೆಯಿರಿ.

ಕೈಯಲ್ಲಿ ಕಸ ಹಿಡಿದು ಬುಟ್ಟಿಯ ಮುಂದೆ ನಿಂತಾಗ ಎರಡೇ ಪ್ರಶ್ನೆ. ಮೊದಲನೆಯದು, ‘ಇದು ಮಣ್ಣಿಗೆ ಬಿದ್ದರೆ ಕೆಲವು ವಾರದಲ್ಲಿ ಮಣ್ಣಾಗುತ್ತದೆಯೇ?’ ಹೌದಾದರೆ ಎಲೆ. ಇಲ್ಲವಾದರೆ ಎರಡನೆಯದು, ‘ಇದನ್ನು ತೊಳೆದು ಒಣಗಿಸಿ ಇನ್ನೊಬ್ಬರ ಬರಿಗೈಗೆ ಕೊಡಬಹುದೇ?’ ಕೊಡಬಹುದಾದರೆ ಸೂರ್ಯ. ಕೊಡಲು ನಿಮಗೇ ಮುಜುಗರವಾದರೆ ಕೆಂಪು ಚುಕ್ಕೆ. ಬಾಳೆಹಣ್ಣಿನ ಸಿಪ್ಪೆ ಮೊದಲ ಪ್ರಶ್ನೆಯಲ್ಲೇ ಮುಗಿಯಿತು. ಶಾಂಪೂ ಬಾಟಲಿ ಎರಡನೆಯದರಲ್ಲಿ. ಪುಟ್ಟ ತಂಗಿಯ ಡಯಾಪರ್, ಗಾಯಕ್ಕೆ ಕಟ್ಟಿದ್ದ ಬಟ್ಟೆ, ಬಾಚಣಿಗೆಯಿಂದ ತೆಗೆದ ಕೂದಲಿನ ಉಂಡೆ, ಗುಡಿಸಿದ ದೂಳು, ಇವು ಕೆಂಪು ಚುಕ್ಕೆಗೆ.

ಎಲ್ಲಾ ಇಷ್ಟು ಸುಲಭವೇ? ಇಲ್ಲ. ಪ್ರತಿ ಮನೆಯಲ್ಲೂ ದಿನ ಬೆಳಗಾದರೆ ಈ ನಿಯಮಕ್ಕೆ ಸವಾಲು ಹಾಕುವ ಒಂದು ವಸ್ತು ಇದೆ. ಅದು ಹಾಲಿನ ಪ್ಯಾಕೆಟ್. ಒಳಗೆ ಹಸಿ, ಹೊರಗೆ ಪ್ಲಾಸ್ಟಿಕ್. ಈ ವಾರ ನಾವು ಅದೊಂದನ್ನೇ ಹಿಡಿದುಕೊಳ್ಳೋಣ. ಅದೊಂದು ಸರಿಹೋದರೆ ಮೊಸರಿನ ಪ್ಯಾಕೆಟ್, ಎಣ್ಣೆಯ ಪ್ಯಾಕೆಟ್, ದೋಸೆ ಹಿಟ್ಟಿನ ಕವರು ಎಲ್ಲಾ ಅದರ ಹಿಂದೆಯೇ ಬರುತ್ತವೆ.

ಒಂದು ಮನೆಯ ಬೆಳಗನ್ನು ನೋಡೋಣ ಬನ್ನಿ. ಐದನೇ ತರಗತಿಯ ಪುಟ್ಟ ಹಾಲಿನ ಪ್ಯಾಕೆಟ್ ತಂದು ಕಟ್ಟೆಯ ಮೇಲಿಟ್ಟ. ಅಜ್ಜಿ ಕತ್ತರಿ ತೆಗೆದುಕೊಂಡು ಮೂಲೆಯನ್ನು ಕಚ್ಚೆಂದು ಕತ್ತರಿಸಿದರು. ಹಾಲು ಪಾತ್ರೆಗೆ ಹೋಯಿತು, ಮೂಲೆಯ ಚೂರು ಸಿಂಕಿಗೆ ಬಿತ್ತು.

‘‘ಅಜ್ಜೀ, ಆ ಚೂರು ಎಲ್ಲಿ?’’

‘‘ಯಾವ ಚೂರೋ? ಇಷ್ಟೇ ಇಷ್ಟಿತ್ತು. ನೀರಿನ ಜತೆ ಹೋಯಿತೇನೋ.’’

‘‘ದಿನಕ್ಕೆ ಎರಡು ಪ್ಯಾಕೆಟ್ ಅಲ್ವಾ ಅಜ್ಜಿ ನಮ್ಮನೇಲಿ? ವಾರಕ್ಕೆ ಹದಿನಾಲ್ಕು. ವರ್ಷಕ್ಕೆ...’’ ಪುಟ್ಟ ಗೋಡೆಯ ಮೇಲೆ ಬೆರಳಲ್ಲಿ ಗುಣಿಸಿದ. ‘‘ಏಳುನೂರ ಮೂವತ್ತು ಚೂರು!’’

ಅಜ್ಜಿ ಕತ್ತರಿ ಕೆಳಗಿಟ್ಟು ಮೊಮ್ಮಗನ ಮುಖ ನೋಡಿದರು. ‘‘ಹಾಗಾದರೆ ಹೇಗೆ ಕತ್ತರಿಸಬೇಕು ಅಂತೀಯ? ಹಲ್ಲಲ್ಲಿ ಕಚ್ಚಲಾ? ಇರುವುದೇ ನಾಲ್ಕು ಹಲ್ಲು.’’

ಉತ್ತರ ಸರಳ. ಮೂಲೆಯನ್ನು ಪೂರ್ತಿ ಕತ್ತರಿಸಬಾರದು. ಮುಕ್ಕಾಲು ಕತ್ತರಿಸಿ ನಿಲ್ಲಿಸಬೇಕು. ಮೂಲೆ ಬಾಗಿಲಿನ ಹಾಗೆ ತೆರೆದುಕೊಳ್ಳುತ್ತದೆ, ಆದರೆ ಪ್ಯಾಕೆಟ್ಟಿಗೆ ಅಂಟಿಕೊಂಡೇ ಇರುತ್ತದೆ. ಹಾಲು ಸುರಿಯುವಾಗ ಆ ಬಾಗಿಲನ್ನು ಹೆಬ್ಬೆರಳಲ್ಲಿ ಹಿಂದಕ್ಕೆ ಹಿಡಿದುಕೊಂಡರೆ ಧಾರೆ ಚೆಲ್ಲುವುದಿಲ್ಲ. ಮೊದಲ ಎರಡು ದಿನ ಸ್ವಲ್ಪ ಹಾಲು ಕಟ್ಟೆಯ ಮೇಲೆ ಬಿದ್ದೀತು, ಮೂರನೇ ದಿನದಿಂದ ಕೈ ಪಳಗುತ್ತದೆ. ಕತ್ತರಿಸುವಾಗ ಕತ್ತರಿಯ ತುದಿಯನ್ನು ಪ್ಯಾಕೆಟ್ಟಿನ ಅಂಚು ದಾಟಿಸದಿದ್ದರೆ ಸಾಕು, ಚೂರು ತಾನೇ ಉಳಿದುಕೊಳ್ಳುತ್ತದೆ.

ಆ ಚೂರಿಗೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ? ಒಣ ಕಸವನ್ನು ಬೇರೆ ಬೇರೆ ಮಾಡುವುದು ಮನುಷ್ಯರ ಕೈ. ಅವರು ಒಂದು ಪ್ಯಾಕೆಟ್ ಹೆಕ್ಕಬಲ್ಲರು, ಉಗುರಿನಷ್ಟು ಚೂರನ್ನು ಹೆಕ್ಕಲಾರರು. ಅದು ನೆಲಕ್ಕೆ ಉದುರುತ್ತದೆ, ಗುಡಿಸುವಾಗ ದೂಳಿನ ಜತೆ ಹೋಗುತ್ತದೆ, ಇಲ್ಲವೇ ಹಸಿ ಕಸದಲ್ಲಿ ಸೇರಿ ಗೊಬ್ಬರದ ಗುಂಡಿಗೆ ಬರುತ್ತದೆ. ಗೊಬ್ಬರ ಕೈಯಲ್ಲಿ ಹಿಡಿದಾಗ ನೀಲಿ, ಹಸಿರು ಚುಕ್ಕೆಗಳು ಕಾಣುವುದು ಇಂಥವುಗಳಿಂದಲೇ. ಪೂರ್ತಿ ಪ್ಯಾಕೆಟ್ಟಿಗೆ ಬೆಲೆ ಉಂಟು, ಅದರಿಂದ ಬೇರೆಯಾದ ಚೂರಿಗೆ ಇಲ್ಲ. ನಮ್ಮ ಮಾತು ‘ಬೀಳೋ ಮುನ್ನ ಬೇರೆ’ ಎನ್ನುತ್ತದೆ, ಹಾಲಿನ ಮೂಲೆಗೆ ಮಾತ್ರ ಉಲ್ಟಾ: ಬೇರೆ ಮಾಡಲೇಬಾರದು!

ಈಗ ಎರಡನೇ ಹೆಜ್ಜೆ, ತೊಳೆಯುವುದು. ಖಾಲಿ ಪ್ಯಾಕೆಟ್ಟಿನಲ್ಲಿ ಎಷ್ಟು ಹಾಲು ಉಳಿದಿರುತ್ತದೆ ಎಂದು ಕೇಳಿದರೆ ಎಲ್ಲರೂ ‘ಏನೂ ಇಲ್ಲ’ ಎನ್ನುತ್ತಾರೆ. ಅರ್ಧ ಲೋಟ ನೀರು ಹಾಕಿ, ಬಾಯಿ ಹಿಡಿದು ಕುಲುಕಿ, ಗಾಜಿನ ಲೋಟಕ್ಕೆ ಬಗ್ಗಿಸಿ ನೋಡಿ. ನೀರು ಬೆಳ್ಳಗಾಗಿರುತ್ತದೆ. ಈ ಬಿಳಿ ನೀರೇ ಎರಡು ದಿನದಲ್ಲಿ ಹುಳಿಯಾಗಿ, ಇರುವೆ ನೊಣ ಕರೆದು, ಇಡೀ ಚೀಲವನ್ನು ನಾರಿಸುವ ಕಳ್ಳ. ಹಾಲಿನ ಕೊಬ್ಬು ಪ್ಲಾಸ್ಟಿಕ್ಕಿಗೆ ಅಂಟಿ ಒಣಗಿದ ಮೇಲೆ ಬಿಡಿಸುವುದು ಕಷ್ಟ, ಆದ್ದರಿಂದ ಹಾಲು ಸುರಿದ ಕೂಡಲೇ ಕುಲುಕಬೇಕು. ಆ ನೀರನ್ನು ಚೆಲ್ಲಬೇಕಾಗಿಲ್ಲ. ಹಾಲಿನ ಪಾತ್ರೆಗೇ ಸೇರಿಸುವ ಅಜ್ಜಿಯರಿದ್ದಾರೆ, ಚಪಾತಿ ಹಿಟ್ಟು ಕಲಸುವವರಿದ್ದಾರೆ, ಕರಿಬೇವಿನ ಗಿಡದ ಬುಡಕ್ಕೆ ಹಾಕುವವರಿದ್ದಾರೆ. ಸೋಪು ಬೇಡ. ಎರಡನೇ ಸಲ ತೊಳೆಯುವುದೂ ಬೇಡ. ಒಂದು ಪ್ಯಾಕೆಟ್ ತೊಳೆಯಲು ನಲ್ಲಿ ತೆರೆದಿಟ್ಟು ಒಂದು ಬಿಂದಿಗೆ ನೀರು ಹರಿಸಿದರೆ ಅದು ಜಾಣತನವಲ್ಲ. ಎಣ್ಣೆಯ ಪ್ಯಾಕೆಟ್ಟಿಗೆ ನೀರು ಸಾಲದು, ಅದರೊಳಗೆ ಒಂದು ಹಿಡಿ ಗೋಧಿ ಹಿಟ್ಟು ಹಾಕಿ ಹೊರಗಿಂದ ತಿಕ್ಕಿದರೆ ಹಿಟ್ಟು ಎಣ್ಣೆ ಹೀರುತ್ತದೆ. ಆ ಹಿಟ್ಟು ಮತ್ತೆ ಚಪಾತಿಗೆ.

ಮೂರನೇ ಹೆಜ್ಜೆ ಒಣಗಿಸುವುದು. ಎಲ್ಲರೂ ಸೋಲುವುದು ಇಲ್ಲೇ. ತೊಳೆದು ಒದ್ದೆಯಾಗಿಯೇ ಚೀಲಕ್ಕೆ ಹಾಕಿದರೆ, ಆ ಒದ್ದೆ ಪಕ್ಕದ ಪೇಪರಿಗೆ, ರಟ್ಟಿಗೆ ಹತ್ತುತ್ತದೆ, ಬೂಷ್ಟು ಬರುತ್ತದೆ. ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಪ್ಯಾಕೆಟ್ಟನ್ನು ಬಾಯಿ ಕೆಳಗೆ ಮಾಡಿ ಕಿಟಕಿಯ ಸರಳಿಗೋ ದಾರಕ್ಕೋ ಸಿಕ್ಕಿಸಿ. ಬಾಯಿ ಮೇಲಾದರೆ ಒಳಗಿನ ನೀರು ಕೆಳಗಿನ ಮೂಲೆಯಲ್ಲಿ ಕೂತುಬಿಡುತ್ತದೆ, ಸಂಜೆಯಾದರೂ ಒಣಗುವುದಿಲ್ಲ. ಮಳೆಗಾಲದಲ್ಲಿ ಒಲೆಯಿಂದ ದೂರ, ಗಾಳಿ ಆಡುವ ಕಡೆ ಹಾಕಿ ಒಂದು ದಿನ ಹೆಚ್ಚು ಬಿಡಿ. ಒಣಗಿದೆಯೋ ಇಲ್ಲವೋ ತಿಳಿಯಲು ಪ್ಯಾಕೆಟ್ಟನ್ನು ಮಡಿಸಿ ಅಂಗೈ ಮೇಲೆ ಒತ್ತಿ. ತಣ್ಣಗೆ ತಗುಲಿದರೆ ಅಥವಾ ಗೆರೆ ಒದ್ದೆಯಾದರೆ ಇನ್ನೂ ಸಮಯವಿದೆ. ಮೂಸಿ ನೋಡಿದಾಗ ಹುಳಿ ವಾಸನೆ ಬಂದರೆ ಕುಲುಕುವ ಹೆಜ್ಜೆ ಸರಿಯಾಗಿಲ್ಲ, ಮತ್ತೆ ನೀರು ಹಾಕಿ. ಎರಡರಲ್ಲೂ ಪಾಸಾದ ಪ್ಯಾಕೆಟ್ಟನ್ನು ಸೂರ್ಯನ ಚೀಲಕ್ಕೆ ಹಾಕಿ.

ಆ ಚೀಲ ಮನೆಯಿಂದ ಹೋದ ಮೇಲೆ ಏನಾಗುತ್ತದೆ ಎಂಬುದು ನನಗೆ ತುಂಬಾ ಇಷ್ಟವಾದ ಭಾಗ. ಬೆಂಗಳೂರಿನ ವಾರ್ಡುಗಳಲ್ಲಿ ಒಣ ಕಸ ಸಂಗ್ರಹ ಕೇಂದ್ರಗಳಿವೆ. ಅವುಗಳಲ್ಲಿ ಹಲವನ್ನು ನಡೆಸುತ್ತಿರುವವರು ಒಂದು ಕಾಲಕ್ಕೆ ಬೀದಿಯಲ್ಲಿ ಚೀಲ ಹೊತ್ತು ಕಸ ಆಯುತ್ತಿದ್ದವರೇ. ‘ಹಸಿರು ದಳ’ ಎಂಬ ಸಂಸ್ಥೆ ಅಂಥವರ ಜತೆ ಕೆಲಸ ಮಾಡುತ್ತದೆ. ಕೇಂದ್ರದಲ್ಲಿ ಚೀಲ ಸುರಿದು ಕೂತರೆ ಅವರ ಕೈ ನೋಡಬೇಕು ಮಕ್ಕಳೇ! ನಮಗೆ ಎಲ್ಲವೂ ‘ಪ್ಲಾಸ್ಟಿಕ್’. ಅವರಿಗೆ ನೀರಿನ ಬಾಟಲಿ ಬೇರೆ, ಅದರ ಮುಚ್ಚಳ ಬೇರೆ, ಶಾಂಪೂ ಬಾಟಲಿ ಬೇರೆ, ಹಾಲಿನ ಕವರು ಬೇರೆ. ಕೆಲವನ್ನು ಬೆರಳಲ್ಲಿ ತಿಕ್ಕಿ ಬರುವ ಸದ್ದಿನಿಂದಲೇ ಹೇಳುತ್ತಾರೆ. ಹಾಲಿನ ಕವರಿನ ರಾಶಿಯನ್ನು ಒತ್ತಿ ಕಟ್ಟಿ ಮುಂದಕ್ಕೆ ಕಳಿಸುತ್ತಾರೆ. ಅಲ್ಲಿ ಅದನ್ನು ಚೂರು ಮಾಡಿ, ತೊಳೆದು, ಕರಗಿಸಿ, ಶಾವಿಗೆಯ ಹಾಗೆ ಎಳೆ ತೆಗೆದು, ಸಾಬುದಾನಿಯಷ್ಟು ಗುಳಿಗೆಗಳಾಗಿ ಕತ್ತರಿಸುತ್ತಾರೆ. ಆ ಗುಳಿಗೆಯಿಂದ ಪೈಪು, ಟಾರ್ಪಾಲಿನಂಥ ಹಾಳೆ, ಕಪ್ಪು ಚೀಲ ತಯಾರಾಗುತ್ತವೆ. ಮತ್ತೆ ಹಾಲಿನ ಪ್ಯಾಕೆಟ್ ಆಗುವುದಿಲ್ಲ, ಯಾಕೆಂದರೆ ಆಹಾರಕ್ಕೆ ಬಳಸುವ ಪ್ಲಾಸ್ಟಿಕ್ಕಿಗೆ ಕಟ್ಟುನಿಟ್ಟು ಹೆಚ್ಚು.

ನಾಲ್ಕು ಹನಿ ಹಾಲು ಉಳಿದ ಪ್ಯಾಕೆಟ್ ಈ ದಾರಿಯಲ್ಲಿ ಎಡವುವುದು ಮೊದಲ ಮೆಟ್ಟಿಲಲ್ಲೇ. ಅದನ್ನು ಕೈಯಲ್ಲಿ ಎತ್ತಬೇಕಾದವರು ಒಬ್ಬ ಅಮ್ಮ, ಒಬ್ಬ ಅಕ್ಕ. ಹುಳಿ ನಾತ, ಹುಳು, ಅಂಟು ಅವರ ಪಾಲಿಗೆ. ದಿನಕ್ಕೆ ಒಂದಲ್ಲ, ನೂರಾರು ಮನೆಯದು. ಕೊಳಕಾದ ಪ್ಲಾಸ್ಟಿಕ್ಕಿಗೆ ಕೊಳ್ಳುವವರು ಬೆಲೆ ಇಳಿಸುತ್ತಾರೆ ಅಥವಾ ಬೇಡ ಎನ್ನುತ್ತಾರೆ. ಆ ನಷ್ಟ ಆಯ್ದವರ ದಿನದ ಸಂಪಾದನೆಯಲ್ಲಿ ಕಾಣುತ್ತದೆ. ನಮ್ಮ ಮನೆಯ ಅರ್ಧ ಲೋಟ ನೀರು, ಒಂದು ಕ್ಲಿಪ್ಪು ಅಲ್ಲಿ ದುಡ್ಡಾಗುತ್ತದೆ.

ಇಲ್ಲಿ ಒಬ್ಬರು ಕೈ ಎತ್ತಿದ್ದು ಕಾಣಿಸಿತು. ‘ಚಿಪ್ಸ್ ಪ್ಯಾಕೆಟ್ಟನ್ನೂ ಹೀಗೇ ಮಾಡಬೇಕೇ?’ ಒಳಗಿನ ಚೂರುಗಳನ್ನು ಕೊಡವಿ ಸೂರ್ಯನ ಚೀಲಕ್ಕೇ ಹಾಕಿ. ಆದರೆ ಅದಕ್ಕೆ ಹಾಲಿನ ಕವರಿನ ಯೋಗ ಇಲ್ಲ. ಒಳಗೆ ಬೆಳ್ಳಿಯ ಹಾಗೆ ಹೊಳೆಯುತ್ತದಲ್ಲ, ಅದು ಪ್ಲಾಸ್ಟಿಕ್ಕಿನ ಮೇಲೆ ಹಚ್ಚಿದ ಲೋಹದ ತೆಳು ಲೇಪ. ಅಂಥ ಹಲವು ಪದರಗಳನ್ನು ಅಂಟಿಸಿದ್ದಾರೆ, ಬಿಡಿಸಲು ಆಗುವುದಿಲ್ಲ. ಹೀಗಾಗಿ ಗುಳಿಗೆ ಮಾಡುವವರು ಅದನ್ನು ಕೊಳ್ಳುವುದಿಲ್ಲ. ಇಂಥದ್ದರಲ್ಲಿ ಒಂದಷ್ಟು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾಗಿ ಹೋಗುತ್ತದೆ. ಅದು ಪ್ಲಾಸ್ಟಿಕ್ಕೋ, ನಿಜವಾದ ಅಲ್ಯೂಮಿನಿಯಂ ಹಾಳೆಯೋ ಎಂದು ಗುರುತಿಸುವ ಆಟ ಒಂದಿದೆ. ಮುಷ್ಟಿಯಲ್ಲಿ ಗಟ್ಟಿಯಾಗಿ ಉಂಡೆ ಮಾಡಿ, ಬಿಡಿ. ಉಂಡೆಯಾಗಿಯೇ ಉಳಿದರೆ ಅಲ್ಯೂಮಿನಿಯಂ ಹಾಳೆ, ಅದಕ್ಕೆ ಬೆಲೆ ಇದೆ. ಪುಟಿದು ಬಿಚ್ಚಿಕೊಂಡರೆ ಲೇಪ ಹಚ್ಚಿದ ಪ್ಲಾಸ್ಟಿಕ್. ಅಂಗಡಿಯಲ್ಲಿ ಯಾವುದನ್ನು ಕೊಳ್ಳಬೇಕೆಂದು ಮುಂದೆ ಯೋಚಿಸುವಾಗ ಈ ಪುಟಿಯುವ ಪ್ಯಾಕೆಟ್ಟು ನೆನಪಾದರೆ ಸಂತೋಷ. ನಾನು ಒತ್ತಾಯ ಮಾಡುವುದಿಲ್ಲ, ನನಗೂ ಚಿಪ್ಸ್ ಇಷ್ಟ.

ಇನ್ನು ಎಲೆಯ ಬುಟ್ಟಿ. ನಾರುವ ಸಮಸ್ಯೆಗೆ ಉತ್ತರ ಕೊಡುತ್ತೇನೆಂದು ಶುರುವಿನಲ್ಲಿ ಹೇಳಿದ್ದೆ. ಹಸಿ ಕಸ ನಾರುವುದಕ್ಕೆ ಮುಖ್ಯ ಕಾರಣ ಅದರ ಅಡಿಯಲ್ಲಿ ನಿಲ್ಲುವ ನೀರು. ನೀರಲ್ಲಿ ಮುಳುಗಿದ ಕಸಕ್ಕೆ ಗಾಳಿ ಸಿಗುವುದಿಲ್ಲ, ಗಾಳಿ ಇಲ್ಲದ ಕಡೆ ಬೆಳೆಯುವ ಸೂಕ್ಷ್ಮಜೀವಿಗಳೇ ಆ ಕೆಟ್ಟ ವಾಸನೆ ಬಿಡುವುದು. ಆದ್ದರಿಂದ ಉಳಿದ ಸಾರು, ಹುಳಿ, ಮಜ್ಜಿಗೆಯನ್ನು ಸೋಸಿ ಗಟ್ಟಿಯನ್ನು ಮಾತ್ರ ಹಾಕಿ. ಕಾಫಿ ಚರಟ, ಟೀ ಸೊಪ್ಪನ್ನು ಜಾಲರಿಯಲ್ಲೇ ಹಿಂಡಿ. ಬುಟ್ಟಿಯ ತಳಕ್ಕೆ ಒಂದು ಹಾಳೆ ಪೇಪರು ಮಡಿಸಿ ಹಾಸಿದರೆ ಉಳಿದ ತೇವವನ್ನು ಅದು ಹೀರುತ್ತದೆ, ಗೊಬ್ಬರದಲ್ಲಿ ಪೇಪರೂ ಕರಗುತ್ತದೆ. ಪ್ಲಾಸ್ಟಿಕ್ ಕವರು ಮಾತ್ರ ಹಾಸಬೇಡಿ. ಎಷ್ಟೋ ಮನೆಗಳಲ್ಲಿ ಹಸಿ ಕಸವನ್ನು ಬಹಳ ಶ್ರದ್ಧೆಯಿಂದ ಬೇರೆ ಮಾಡಿ, ಕೊನೆಗೆ ಅದನ್ನು ಕವರಿಗೆ ಗಂಟು ಕಟ್ಟಿ ಕೊಡುತ್ತಾರೆ. ಆ ಗಂಟನ್ನು ಹರಿಯುವವರು ಯಾರು? ಮತ್ತೆ ಪೌರಕಾರ್ಮಿಕರೇ. ಬುಟ್ಟಿಯನ್ನು ನೇರವಾಗಿ ಗಾಡಿಗೆ ಬಗ್ಗಿಸಿ, ತೊಳೆದು, ಬೋರಲು ಹಾಕಿ. ದಿನ ಬಿಟ್ಟು ದಿನ ಅಲ್ಲ, ದಿನವೂ.

ಕೆಂಪು ಚುಕ್ಕೆಯ ಬಗ್ಗೆ ಈ ವಾರ ಒಂದೇ ಮಾತು: ಅದಕ್ಕೆ ಹೋಗುವ ಡಯಾಪರ್, ಪ್ಯಾಡ್‌ಗಳನ್ನು ಪೇಪರಿನಲ್ಲಿ ಸುತ್ತಿ, ಪೊಟ್ಟಣದ ಮೇಲೂ ಒಂದು ಕೆಂಪು ಚುಕ್ಕೆ ಇಡಿ. ಯಾರೂ ಅದನ್ನು ಒಣ ಕಸ ಎಂದುಕೊಂಡು ಬಿಚ್ಚಬಾರದು, ಅದಕ್ಕೇ. ಬ್ಲೇಡು, ಕೆಟ್ಟ ಬಲ್ಬು, ಬ್ಯಾಟರಿ, ಅವಧಿ ಮುಗಿದ ಮಾತ್ರೆ ಇವು ಕೆಂಪು ಬುಟ್ಟಿಗೂ ಹೋಗಬಾರದು. ಸದ್ಯಕ್ಕೆ ಒಂದು ಡಬ್ಬಿಯಲ್ಲಿ ಹಾಕಿ, ಚಿಕ್ಕ ಮಕ್ಕಳಿಗೆ ಎಟುಕದ ಕಡೆ ಇಡಿ. ಆ ಡಬ್ಬಿಗೇ ಒಂದು ವಾರ ಮೀಸಲಿದೆ.

ಈಗ ಪಂದ್ಯ. ಇದರ ಹೆಸರು ‘ಮೂಲೆ ಲೆಕ್ಕ’. ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಸೋಮವಾರದಿಂದ ಭಾನುವಾರದವರೆಗೆ ಏಳು ಸಾಲು ಎಳೆಯಿರಿ. ಪ್ರತಿ ಸಾಲಿನಲ್ಲಿ ಆ ದಿನ ಬಂದ ಹಾಲು, ಮೊಸರಿನ ಪ್ಯಾಕೆಟ್ ಎಷ್ಟು, ಅದರಲ್ಲಿ ಮೂಲೆ ಅಂಟಿಕೊಂಡಿರುವುದು ಎಷ್ಟು, ಒಣಗಿ ಚೀಲ ಸೇರಿದ್ದು ಎಷ್ಟು ಎಂದು ಬರೆಯಿರಿ. ಕತ್ತರಿ ಅಜ್ಜ ಅಥವಾ ಅಜ್ಜಿಯ ಕೈಯಲ್ಲಿ, ಕ್ಲಿಪ್ಪು ಮತ್ತು ಪೆನ್ಸಿಲ್ ನಿಮ್ಮ ಕೈಯಲ್ಲಿ. ಅಂಗೈ ಪರೀಕ್ಷೆ, ಮೂಗಿನ ಪರೀಕ್ಷೆ ಇಬ್ಬರೂ ಮಾಡಬೇಕು. ಒಬ್ಬರು ಪಾಸು ಎಂದು ಇನ್ನೊಬ್ಬರು ಫೇಲು ಎಂದರೆ ಆ ಪ್ಯಾಕೆಟ್ ಮತ್ತೆ ದಾರಕ್ಕೆ. ಅಜ್ಜಿಯರ ಮೂಗು ಚುರುಕು, ವಾದ ಮಾಡಿ ಪ್ರಯೋಜನವಿಲ್ಲ.

ಪುಟ್ಟನ ಮನೆಯ ಲೆಕ್ಕ ಹೀಗೆ ಬಂತು. ವಾರಕ್ಕೆ ಬಂದದ್ದು ಹದಿನಾಲ್ಕು ಹಾಲಿನ ಪ್ಯಾಕೆಟ್, ಎರಡು ಮೊಸರಿನದು, ಒಟ್ಟು ಹದಿನಾರು. ಮೂಲೆ ಅಂಟಿಕೊಂಡಿದ್ದದ್ದು ಹದಿಮೂರು. ಕಳೆದ ಮೂರರಲ್ಲಿ ಎರಡು ಮೊದಲ ದಿನದ್ದು, ಒಂದು ಊರಿಂದ ಬಂದ ಚಿಕ್ಕಪ್ಪ ಕತ್ತರಿಸಿದ್ದು. ಚೀಲ ಸೇರಿದ್ದು ಹದಿನೈದು. ಇನ್ನೊಂದು? ಭಾನುವಾರ ರಾತ್ರಿಯೂ ದಾರದ ಮೇಲೇ ತೂಗುತ್ತಿತ್ತು, ಅಜ್ಜಿ ಫೇಲು ಮಾಡಿದ್ದರು. ಮೊಸರಿನ ಪ್ಯಾಕೆಟ್ಟಿನ ಅಂಚಿನ ಮಡಿಕೆಯಲ್ಲಿ ಮೊಸರು ಸಿಕ್ಕಿಕೊಂಡಿತ್ತು. ಮೊಸರಿಗೆ ಒಮ್ಮೆ ಕುಲುಕಿದರೆ ಸಾಲದು, ಬೆರಳಿನಿಂದ ಹೊರಗಿನಿಂದಲೇ ಅಂಚನ್ನು ತಿಕ್ಕಿ ಇನ್ನೊಮ್ಮೆ ಕುಲುಕಬೇಕು ಎಂದು ಅವರು ಆಗ ಕಂಡುಕೊಂಡರು.

ಭಾನುವಾರ ಸಂಜೆ ಇನ್ನೊಂದು ಕೆಲಸ. ನೆಲದ ಮೇಲೆ ಹಳೇ ಪೇಪರು ಹಾಸಿ, ಸೂರ್ಯನ ಚೀಲವನ್ನು ಸುರಿಯಿರಿ. ಒದ್ದೆ ಇರುವುದು, ಅಂಟು ಇರುವುದು, ಎಲೆಗೋ ಕೆಂಪು ಚುಕ್ಕೆಗೋ ಸೇರಬೇಕಾಗಿದ್ದು ಏನಾದರೂ ಸಿಕ್ಕರೆ ಅದು ‘ಕಳ್ಳ’. ಪ್ರತಿ ಕಳ್ಳನಿಗೂ ಒಂದು ಅಂಕ ಕಡಿಮೆ. ಹೆಚ್ಚಾಗಿ ಸಿಗುವ ಕಳ್ಳ ಯಾರು ಗೊತ್ತೇ? ಹೋಟೆಲಿನಿಂದ ಬಂದ ಚಟ್ನಿಯ ಪುಟ್ಟ ಡಬ್ಬಿ. ಎರಡನೆಯವನು ಜ್ಯೂಸಿನ ಪೆಟ್ಟಿಗೆ, ಅದರ ಕೊಳವೆ ಒಳಗೇ ಇದ್ದು ಹನಿ ಹನಿ ಸೋರುತ್ತಿರುತ್ತದೆ. ಅದರ ಮೂಲೆಗಳ ರೆಕ್ಕೆ ಬಿಚ್ಚಿ, ಚಪ್ಪಟೆ ಮಾಡಿ, ಹಿಂಡಿ, ಆಮೇಲೆ ಹಾಕಬೇಕಿತ್ತು. ಕಳ್ಳರನ್ನು ಹಿಡಿದ ಮೇಲೆ ಅವರವರ ಜಾಗಕ್ಕೆ ಕಳಿಸಿ, ಕೈ ತೊಳೆದುಕೊಳ್ಳಿ. ಬೈಗುಳ ಬೇಡ. ಯಾರು ಹಾಕಿದರು ಎಂದು ವಿಚಾರಣೆ ಮಾಡಲು ಹೋದರೆ ಅಪ್ಪ ಸಿಕ್ಕಿಬೀಳುತ್ತಾರೆ, ಪಂದ್ಯ ಜಗಳವಾಗುತ್ತದೆ.

ಹಳ್ಳಿಯಲ್ಲಿ, ಹಾಲು ಕರೆಯುವ ಮನೆಯಲ್ಲಿ ಇರುವ ಮಕ್ಕಳು ‘ನಮಗೆ ಪ್ಯಾಕೆಟ್ಟೇ ಬರುವುದಿಲ್ಲವಲ್ಲ’ ಎನ್ನಬಹುದು. ನಿಮ್ಮ ಪಂದ್ಯ ಬೇರೆ. ಅಜ್ಜನ ಜತೆ ತಿಪ್ಪೆಯ ಬಳಿ ಹೋಗಿ, ಒಂದು ಕೋಲಿನಿಂದ ಮೇಲ್ಪದರ ಕೆದಕಿ, ಕೊಳೆಯದೆ ಉಳಿದಿರುವುದನ್ನು ಇಕ್ಕಳದಲ್ಲಿ ಎತ್ತಿ ಎಣಿಸಿ. ಗುಟ್ಕಾ ಚೀಟಿ, ಶಾಂಪೂ ಸ್ಯಾಷೆ, ಬಿತ್ತನೆ ಬೀಜದ ಕವರಿನ ಚೂರು ಎಷ್ಟೆಷ್ಟು ಎಂದು ಬರೆದಿಡಿ. ಔಷಧಿ ಸಿಂಪಡಿಸುವ ಡಬ್ಬಿ, ಬಾಟಲಿ ಕಂಡರೆ ಮುಟ್ಟಬೇಡಿ, ಹಿರಿಯರಿಗೆ ತೋರಿಸಿ.

ಹಾಳೆಯನ್ನು ಅಂಚೆಯಲ್ಲಿ ಕಳಿಸಿ. ಅಂಕ ಎಷ್ಟೇ ಬಂದಿರಲಿ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ತಪ್ಪಿದ ಮೂಲೆಗಳ ಕಥೆ ಓದಲು ನನಗೆ ಇಷ್ಟ. ಬುಟ್ಟಿ, ಚೀಲಗಳ ಮೇಲೆ ನೀವು ಬರೆದ ಎಲೆ, ಸೂರ್ಯ, ಚುಕ್ಕೆಯನ್ನೂ ಆ ಹಾಳೆಯ ಹಿಂಬದಿಯಲ್ಲಿ ಬರೆದು ತೋರಿಸಿ. ಮುಂದಿನ ವಾರ ಬಾಳೆಎಲೆಯ ಮೇಲೆ ಊಟ ಮಾಡಿದ ಒಂದು ಹಬ್ಬದ ಮನೆಗೆ ಹೋಗೋಣ. ಎಲೆ ಯಾವ ಬುಟ್ಟಿಗೆ ಎಂಬುದು ಎಲ್ಲರಿಗೂ ಗೊತ್ತು, ಅದರ ಪಕ್ಕದ ನೀರಿನ ಪೇಪರ್ ಲೋಟ ಯಾವುದಕ್ಕೆ? ನೋಡಲು ಪೇಪರು. ಒಳಗಡೆ ಉಗುರಿನಿಂದ ಮೆಲ್ಲಗೆ ಕೆರೆದು ನೋಡಿಕೊಂಡು ಬನ್ನಿ.